ಲೋಳೆ ಎಲ್ಲಿ ನಿಲ್ಲುತ್ತದೆ?

ಹೋದ ಬೇಸಿಗೆಯಲ್ಲಿ ನನ್ನ ನಾದಿನಿ ಫೋನ್ ಮಾಡಿದಳು. ಮನೆಗೆ ನೆಂಟರು ಬರುವವರಿದ್ದರು, ಮಾವಿನಹಣ್ಣಿನ ಕಾಲ. ಯಾವುದೋ ವಿಡಿಯೋ ನೋಡಿ ಚಿಯಾ ಪುಡ್ಡಿಂಗ್ ಮಾಡಲು ಹೊರಟಿದ್ದಳು. ಬೀದಿಯ ದಿನಸಿ ಅಂಗಡಿಯಲ್ಲಿ ಚಿಯಾ ಇರಲಿಲ್ಲ. ಅಂಗಡಿಯವರು, ‘ಇದೂ ಅದೇ ಮೇಡಂ, ನಮ್ಮ ಕಡೇದು’ ಎಂದು ಕಾಮಕಸ್ತೂರಿ ಬೀಜದ ಪೊಟ್ಟಣ ಕೊಟ್ಟಿದ್ದರು. ಚಿಯಾಕ್ಕೆ ಹೇಳಿದ್ದ ಅಳತೆಯಲ್ಲೇ 400 ಮಿಲಿ ಹಾಲಿಗೆ 50 ಗ್ರಾಂ ಬೀಜ ಸುರಿದು, ಸಕ್ಕರೆ ಹಾಕಿ ರಾತ್ರಿ ಫ್ರಿಜ್ಜಿನಲ್ಲಿಟ್ಟಿದ್ದಾಳೆ.

‘ಅತ್ತಿಗೆ, ಬೆಳಿಗ್ಗೆ ತೆಗೆದು ನೋಡಿದರೆ ಹಾಲೇ ಕಾಣ್ತಿಲ್ಲ. ಬರೀ ಮಣಿ. ಬಾಯಿಗೆ ಹಾಕಿಕೊಂಡರೆ ಮೇಲೆ ಲೋಳೆ, ಒಳಗೆ ಕರಕರ.’

ಎರಡನೇ ಸಲ ಬೀಜ ಜಾಸ್ತಿಯಾಯಿತೇನೋ ಎಂದು 15 ಗ್ರಾಂಗೆ ಇಳಿಸಿದಳು. ಈಗ ಮಣಿಗಳೆಲ್ಲ ಬಟ್ಟಲಿನ ತಳಕ್ಕೆ ಇಳಿದು ಕೂತವು, ಮೇಲೆ ಹಾಲು ಹಾಲಾಗಿಯೇ ಉಳಿಯಿತು. ಅವಳ ಮಗ ಅದನ್ನು ನೋಡಿ ‘ಕಪ್ಪೆ ಮೊಟ್ಟೆ’ ಎಂದು ಹೆಸರಿಟ್ಟು ಓಡಿಹೋದ.

ಇಲ್ಲಿ ತಪ್ಪಿದ್ದು ಅವಳ ಕೈಯಲ್ಲ, ‘ಇದೂ ಅದೇ’ ಎಂಬ ಮಾತು. ನೀರು ಕುಡಿದು ಉಬ್ಬಿ ಲೋಳೆಯಾಗುವ ಮೂರು ವಸ್ತುಗಳು ಈಗ ನಮ್ಮ ಅಡುಗೆಮನೆಗಳಲ್ಲಿ ಅಕ್ಕಪಕ್ಕ ಕೂತಿವೆ. ಒಂದು ಚಿಯಾ. ಇನ್ನೊಂದು ಕಾಮಕಸ್ತೂರಿ ಬೀಜ. ಫಲೂದಾ ಅಂಗಡಿಯಲ್ಲಿ ಇದಕ್ಕೆ ಸಬ್ಜಾ ಎನ್ನುತ್ತಾರೆ. ಮೂರನೆಯದು ಇಸಬ್‌ಗೋಲ್, ಅಂದರೆ ಮಲಬದ್ಧತೆಗೆಂದು ಹಿರಿಯರು ರಾತ್ರಿ ನೀರಿಗೆ ಕಲಸಿ ಕುಡಿಯುವ ಆ ತೆಳು ಹೊಟ್ಟು. ಮೂರೂ ಲೋಳೆಯೇ. ಆದರೆ ಮಂದ ಮಾಡಲು ಬಳಸುವಾಗ ಕೇಳಬೇಕಾದ ಪ್ರಶ್ನೆ ‘ಎಷ್ಟು ಉಬ್ಬುತ್ತದೆ’ ಎಂಬುದಕ್ಕಿಂತ ಮುಖ್ಯವಾಗಿ ‘ಲೋಳೆ ಎಲ್ಲಿ ನಿಲ್ಲುತ್ತದೆ’ ಎಂಬುದು. ಅದು ಬೀಜದ ಸುತ್ತಲೇ ಅಂಟಿಕೊಂಡಿರುತ್ತದೆಯೋ, ಬೀಜ ಬಿಟ್ಟು ನೀರಿಗೆ ಇಳಿಯುತ್ತದೆಯೋ? ಇದೊಂದು ಗೊತ್ತಾದರೆ ಮಿಕ್ಕಿದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಮೊದಲು ಒಣಗಿದ್ದಾಗ ಗುರುತು ಹಿಡಿಯುವ ಬಗೆ. ಚಿಯಾ ಬೀಜ ಮೊಟ್ಟೆಯಾಕಾರದ್ದು, ನುಣುಪಾಗಿ ಹೊಳೆಯುತ್ತದೆ. ಹತ್ತಿರದಿಂದ ನೋಡಿದರೆ ಬೂದು, ಕಂದು, ಕಪ್ಪು ಬಣ್ಣಗಳ ಚುಕ್ಕೆಗೆರೆ ಕಾಣುತ್ತದೆ, ನಡುನಡುವೆ ಬಿಳಿ ಬೀಜಗಳೂ ಇರುತ್ತವೆ. ಕಾಮಕಸ್ತೂರಿ ಬೀಜ ಒಂದೇ ಸಮನೆ ಕಪ್ಪು, ಹೊಳಪಿಲ್ಲ, ಮುಟ್ಟಿದರೆ ಸ್ವಲ್ಪ ಒರಟು. ದೂರದಿಂದ ಎಳ್ಳಿನಂತೆ ಕಂಡೀತು. ಇಸಬ್‌ಗೋಲ್ ಬೀಜವೇ ಅಲ್ಲ. ಬೀಜದ ಮೇಲಿನ ಸಿಪ್ಪೆಯನ್ನು ಗಿರಣಿಯಲ್ಲಿ ಬಿಡಿಸಿ ತೂರಿ ತೆಗೆದ ಹೊಟ್ಟು. ಕೆನೆಬಣ್ಣದ, ಮೀನಿನ ಹುರುಪೆಯಂಥ ಹಗುರ ಚೂರುಗಳು.

ಚಿಯಾ ಮತ್ತು ಕಾಮಕಸ್ತೂರಿ ದಾಯಾದಿಗಳು. ಎರಡೂ ತುಳಸಿ, ಪುದೀನ ಸೇರಿದ ಕುಟುಂಬದವು. ಕಾಮಕಸ್ತೂರಿ ಗಿಡವನ್ನು ನಾವು ದವನ, ಮರುಗದ ಜೊತೆ ಮಾಲೆಗೆ ಕಟ್ಟುತ್ತೇವೆ. ಬೀಜ ಶರಬತ್ತಿಗೆ ಹೋಗುತ್ತದೆ. ಚಿಯಾ ಮೆಕ್ಸಿಕೊ ಕಡೆಯದು. ಅಲ್ಲಿನ ಆಜ್ಟೆಕ್ ಜನಕ್ಕೆ ಅದು ಮೆಕ್ಕೆಜೋಳ, ಬೀನ್ಸ್ ಕಾಳಿನ ಸಾಲಿನಲ್ಲಿದ್ದ ದವಸ, ಅರಸನಿಗೆ ಕಪ್ಪವಾಗಿಯೂ ಸಲ್ಲುತ್ತಿತ್ತು. ನಮ್ಮಲ್ಲಿ ಮೈಸೂರಿನ ಸಿಎಫ್‌ಟಿಆರ್‌ಐ ಈ ಬೆಳೆಯನ್ನು ರೈತರಿಗೆ ಪರಿಚಯಿಸಿದ ಮೇಲೆ ಮೈಸೂರು, ಎಚ್.ಡಿ. ಕೋಟೆ ಕಡೆಯ ಹೊಲಗಳಲ್ಲೂ ನೀಲಿ ಹೂವಿನ ಚಿಯಾ ಕಾಣತೊಡಗಿತು. ಇಸಬ್‌ಗೋಲ್ ಈ ಕುಟುಂಬಕ್ಕೆ ಸೇರಿದ್ದಲ್ಲ. ಅದು ಉತ್ತರ ಗುಜರಾತ್, ರಾಜಸ್ಥಾನಗಳ ಚಳಿಗಾಲದ ಬೆಳೆ. ಗುಜರಾತಿನ ಉಂಝಾ ಅದರ ದೊಡ್ಡ ಮಾರುಕಟ್ಟೆ. ಹೆಸರು ಪಾರ್ಸಿಯಿಂದ ಬಂದದ್ದು, ಕುದುರೆ ಕಿವಿ ಎಂದರ್ಥ. ಬೀಜದ ಆಕಾರ ಹಾಗಿರುತ್ತದೆ.

ಬೀಜಕ್ಕೆ ಲೋಳೆ ಯಾಕೆ ಬೇಕು? ಅಡುಗೆಗಂತೂ ಅಲ್ಲ. ಮಳೆಹನಿ ಬಿದ್ದ ಕೂಡಲೇ ಮಣ್ಣಿಗೆ ಅಂಟಿಕೊಳ್ಳಲು, ಗಾಳಿಗೆ ಹಾರಿಹೋಗದಿರಲು, ಮೊಳಕೆ ಒಡೆಯುವಾಗ ಸುತ್ತ ಸ್ವಲ್ಪ ತೇವ ಹಿಡಿದಿಟ್ಟುಕೊಳ್ಳಲು. ಬೀಜದ ಹೊರಸಿಪ್ಪೆಯ ಕಣಗಳಲ್ಲಿ ಸಕ್ಕರೆಯ ಅಣುಗಳು ಉದ್ದುದ್ದ ಸರಪಳಿಯಾಗಿ ಮಡಿಸಿ ತುಂಬಿರುತ್ತವೆ. ಅವು ಸಿಹಿಯಲ್ಲ, ಆದರೆ ನೀರೆಂದರೆ ಪ್ರಾಣ. ನೀರು ತಾಕಿದ್ದೇ ಮಡಿಕೆ ಬಿಚ್ಚಿ ಹೊರಕ್ಕೆ ಚಾಚಿಕೊಳ್ಳುತ್ತವೆ, ನೀರನ್ನು ತಮ್ಮ ನಡುವೆ ಸೆರೆಹಿಡಿಯುತ್ತವೆ. ಬೆಂಡೆಕಾಯಿ, ಬಸಳೆ, ನೆನೆಸಿದ ಮೆಂತ್ಯದ ಲೋಳೆಯೂ ಇದೇ ಜಾತಿಯದು.

ಕಾಮಕಸ್ತೂರಿಯಲ್ಲಿ ಈ ಸರಪಳಿಗಳ ಜೊತೆಗೆ ನೂಲಿನಂಥ ಸೆಲ್ಯುಲೋಸ್ ಎಳೆಗಳು ಬೀಜದ ಮೈಗೆ ಬೇರುಬಿಟ್ಟು ನಿಂತಿರುತ್ತವೆ. ಲೋಳೆ ಆ ಎಳೆಗಳನ್ನು ಹಿಡಿದುಕೊಂಡು ಬೀಜದ ಸುತ್ತ ಗುಂಡಗೆ ನಿಲ್ಲುತ್ತದೆ, ಸುಲಭಕ್ಕೆ ಬಿಟ್ಟು ಹೋಗದು. ಚಿಯಾದಲ್ಲೂ ಎಳೆಗಳಿವೆ, ಆದರೆ ಲೋಳೆಯ ಹೊರಪದರ ಅಷ್ಟು ಅಚ್ಚುಕಟ್ಟಲ್ಲ. ಪಕ್ಕದ ಬೀಜದ ಲೋಳೆಗೆ ಅಂಟುತ್ತದೆ, ಕಲಕಿದರೆ ಸ್ವಲ್ಪ ನೀರಿಗೂ ಇಳಿಯುತ್ತದೆ. ಇಸಬ್‌ಗೋಲ್‌ನಲ್ಲಿ ಅಂಟಿಕೊಳ್ಳಲು ಬೀಜವೇ ಇಲ್ಲ. ಹೊಟ್ಟಿನ ಹೆಚ್ಚಿನ ಭಾಗವೇ ಲೋಳೆಯ ಪದಾರ್ಥ, ಅದು ನೀರಿನಲ್ಲೆಲ್ಲ ಹರಡಿ ಇಡೀ ಲೋಟವನ್ನೇ ಒಂದು ಮುದ್ದೆ ಮಾಡುತ್ತದೆ.

ಮಾತಿನಲ್ಲಿ ಹೇಳಿದ್ದು ಸಾಲದು, ಕಣ್ಣಿಗೆ ಕಾಣಬೇಕು ಎಂದು ನಾದಿನಿಯನ್ನು ಮನೆಗೆ ಕರೆದು ಮೂರು ಗಾಜಿನ ಲೋಟ ಇಟ್ಟೆ. ಪ್ರತಿಯೊಂದರಲ್ಲೂ ಬೆಚ್ಚಗೂ ಇಲ್ಲದ ತಣ್ಣಗೂ ಇಲ್ಲದ 200 ಮಿಲಿ ನೀರು, 5 ಗ್ರಾಂ ಸಾಮಾನು. ತೂಕದ ಯಂತ್ರ ಬೇಕೇ ಬೇಕು. ಏಕೆಂದರೆ 5 ಗ್ರಾಂ ಚಿಯಾ ಅಥವಾ ಸಬ್ಜಾ ಒಂದೂವರೆ ಟೀ ಚಮಚದ ಆಸುಪಾಸಿನಲ್ಲಿ ಮುಗಿಯುತ್ತದೆ, 5 ಗ್ರಾಂ ಇಸಬ್‌ಗೋಲ್ ಹೊಟ್ಟು ಮಾತ್ರ ಒಂದು ದೊಡ್ಡ ಊಟದ ಚಮಚದ ತುಂಬ ಬರುತ್ತದೆ. ಚಮಚ ನಂಬಿದವರು ಇಲ್ಲೇ ಮೊದಲು ಮೋಸಹೋಗುವುದು. ಅದೇ ಹೊಟ್ಟನ್ನು ನುಣ್ಣಗೆ ಪುಡಿ ಮಾಡಿದ್ದು ಸಿಕ್ಕರೆ ಅದೇ ಚಮಚದಲ್ಲಿ ಹೆಚ್ಚುಕಡಿಮೆ ಎರಡರಷ್ಟು ತೂಗುತ್ತದೆ.

ಸಬ್ಜಾ ನೀರಿಗೆ ಬಿದ್ದು ಇನ್ನೂ ನಿಮಿಷ ಆಗಿರಲಿಲ್ಲ, ಕಪ್ಪು ಚುಕ್ಕೆಗಳ ಸುತ್ತ ನೀಲಿ ಛಾಯೆಯ ಬೂದು ಮಂಜು ಕಟ್ಟಿಕೊಂಡಿತು. ‘ಕಣ್ಣೆದುರಿಗೇ ದಪ್ಪ ಆಗ್ತಿದೆಯಲ್ಲ’ ಎಂದಳು ನಾದಿನಿ. ಐದು ನಿಮಿಷಕ್ಕೆ ಒಂದೊಂದೂ ಪುಟ್ಟ ಮಣಿ, ಹತ್ತು ಹದಿನೈದು ನಿಮಿಷಕ್ಕೆ ಅದರ ಬೆಳವಣಿಗೆ ಮುಗಿದೇ ಹೋಯಿತು. ಮಣಿಗಳು ಲೋಟದ ಅರ್ಧಕ್ಕೂ ಮೇಲೆ ತುಂಬಿಕೊಂಡವು. ಅವುಗಳ ಮೇಲಿನ ನೀರು ಮಾತ್ರ ತಿಳಿಯಾಗಿ, ನೀರಿನ ಹಾಗೇ ಇತ್ತು.

ಇಸಬ್‌ಗೋಲ್ ಅದಕ್ಕಿಂತಲೂ ಅವಸರದ್ದು. ಉದುರಿಸುತ್ತಾ ಕಲಕುತ್ತಿದ್ದಂತೆಯೇ ನೀರು ಮಬ್ಬಾಯಿತು, ಎರಡನೇ ನಿಮಿಷಕ್ಕೆ ಚಮಚ ಭಾರವಾಯಿತು. ಹತ್ತು ನಿಮಿಷಕ್ಕೆ ಲೋಟ ಓರೆ ಮಾಡಿದರೆ ಹರಿಯದೆ ಇಡಿಯಾಗಿ ಜಾರುವ ಹದ. ಇದಕ್ಕೊಂದು ಸರಳ ಲೆಕ್ಕವಿದೆ. ಒಳ್ಳೆಯ ಹೊಟ್ಟು ಗ್ರಾಂಗೆ ಸುಮಾರು 40 ಮಿಲಿ ಜಾಗ ತುಂಬುವಷ್ಟು ಉಬ್ಬುತ್ತದೆ. 5 ಗ್ರಾಂ ಎಂದರೆ 200 ಮಿಲಿ, ನಮ್ಮ ಲೋಟದ ಅಷ್ಟೂ ನೀರು. ಹೊಟ್ಟು ಹಳೆಯದೋ ಕಲಬೆರಕೆಯೋ ಎಂಬ ಅನುಮಾನ ಬಂದರೆ ಇದೇ ಪರೀಕ್ಷೆ ಮಾಡಿ ನೋಡಬಹುದು. ಅರ್ಧ ಗಂಟೆಯ ನಂತರವೂ ಮೇಲೆ ತಿಳಿನೀರು ಬೇರೆಯಾಗಿ ನಿಂತರೆ ಆ ಪೊಟ್ಟಣ ಮಂದ ಮಾಡುವ ಕೆಲಸಕ್ಕೆ ಬಾರದು.

ಚಿಯಾ ಸಾವಧಾನದ ಪ್ರಾಣಿ. ಮೂರು ನಿಮಿಷಕ್ಕೆ ತೆಳುವಾದ ಪೊರೆ ಕಂಡಿತು, ಅಷ್ಟೇ. ಹದಿನೈದು ಇಪ್ಪತ್ತು ನಿಮಿಷದ ಹೊತ್ತಿಗೆ ಬಹುಪಾಲು ಉಬ್ಬಿತಾದರೂ ಮಣಿ ಸಬ್ಜಾದಷ್ಟು ದಪ್ಪವಾಗಲಿಲ್ಲ. ಚಿಯಾ ತನ್ನ ತೂಕದ ಹತ್ತು ಹನ್ನೆರಡು ಪಟ್ಟು ನೀರು ಹಿಡಿದರೆ ಸಬ್ಜಾ ಇಪ್ಪತ್ತು ಪಟ್ಟಿಗೂ ಮಿಕ್ಕಿ ಹಿಡಿಯುತ್ತದೆ. ಆದರೂ ಚಿಯಾ ಲೋಟದ ನೀರು ಅಕ್ಕಿ ಗಂಜಿಯ ತಿಳಿಯ ಹಾಗೆ ಸ್ವಲ್ಪ ಜಿಗುಟಾಗಿತ್ತು. ಕಲಕಿ ಬಿಟ್ಟರೆ ಬೀಜಗಳು ತಕ್ಷಣ ಇಳಿಯದೆ ನಡುನೀರಿನಲ್ಲಿ ತೂಗಾಡುತ್ತಿದ್ದವು. ಎರಡು ಗಂಟೆ ಬಿಟ್ಟು ನೋಡಿದಾಗ ಆ ಜಿಗುಟು ಇನ್ನಷ್ಟು ಹೆಚ್ಚಿತ್ತು. ಸಬ್ಜಾ ಲೋಟದಲ್ಲಿ ಅಷ್ಟು ಹೊತ್ತಿಗೂ ಏನೂ ಬದಲಾಗಿರಲಿಲ್ಲ.

ಕೊನೆಗೆ ಮೂರನ್ನೂ ಟೀ ಸೋಸುವ ಜಾಲರಿಗೆ ಸುರಿದೆವು. ಸಬ್ಜಾ ಜಾಲರಿಯಲ್ಲೇ ನಿಂತು, ನೀರು ಗಳಗಳ ಇಳಿದುಹೋಯಿತು. ಚಿಯಾದ ನೀರು ತೊಟ್ಟಿಕ್ಕುತ್ತಾ, ನಡುನಡುವೆ ನೂಲಿನಂತೆ ಎಳೆಯುತ್ತಾ ಇಳಿಯಿತು. ಇಸಬ್‌ಗೋಲ್ ಇಳಿಯಲೇ ಇಲ್ಲ. ಜಾಲರಿಯ ಮೇಲೆ ಇಡಿಯಾಗಿ ಕೂತುಬಿಟ್ಟಿತು. ಲೋಳೆ ಎಲ್ಲಿ ನಿಂತಿದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉಪಾಯ ನನಗೆ ಗೊತ್ತಿಲ್ಲ.

ಈಗ ಕಪ್ಪೆ ಮೊಟ್ಟೆಯ ಪ್ರಸಂಗ ಅರ್ಥವಾಗುತ್ತದೆ. ಸಬ್ಜಾ ದ್ರವವನ್ನು ಮಂದ ಮಾಡುವುದಿಲ್ಲ, ದ್ರವದಲ್ಲಿ ಮಣಿಗಳನ್ನು ತುಂಬುತ್ತದೆ. ಡಬ್ಬಿಗೆ ಗೋಲಿ ತುಂಬಿದ ಹಾಗೆ. ಗೋಲಿ ಕಮ್ಮಿ ಇದ್ದರೆ ತಳದಲ್ಲಿ ಉರುಳಾಡುತ್ತವೆ, ಸುತ್ತಲ ನೀರು ನೀರೇ. ಗೋಲಿ ಜಾಸ್ತಿಯಾದರೆ ಒಂದಕ್ಕೊಂದು ಒತ್ತಿಕೊಂಡು ಅಲುಗಾಡದೆ ನಿಲ್ಲುತ್ತವೆ, ದೂರದಿಂದ ಗಟ್ಟಿಯಾದಂತೆ ಕಾಣುತ್ತದೆ. ನಾದಿನಿಯ ಮೊದಲ ಬಟ್ಟಲಲ್ಲಿ 50 ಗ್ರಾಂ ಸಬ್ಜಾಕ್ಕೆ ಪೂರ್ತಿ ಉಬ್ಬಲು ಒಂದು ಲೀಟರ್‌ಗೂ ಮೀರಿ ನೀರು ಬೇಕಿತ್ತು. ಸಿಕ್ಕಿದ್ದು 400 ಮಿಲಿ ಹಾಲು, ಅದರಲ್ಲೂ ಸಕ್ಕರೆ. ಬೀಜಗಳು ಅರೆಹೊಟ್ಟೆಯಲ್ಲಿ ಉಳಿದದ್ದರಿಂದ ಒಳಗೆ ಕರಕರ.

ಸಕ್ಕರೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಶರಬತ್ತು ಕೆಡುವುದು ಹೆಚ್ಚಾಗಿ ಇಲ್ಲೇ. ಸಕ್ಕರೆಗೂ ನೀರೇ ಬೇಕು, ಬೀಜದ ಲೋಳೆಗೂ ನೀರೇ ಬೇಕು. ಮೊದಲೇ ಸಕ್ಕರೆ ಕರಗಿಸಿಬಿಟ್ಟರೆ ಅಷ್ಟು ನೀರು ಅದರ ಕೈಸೇರಿರುತ್ತದೆ, ಬೀಜಕ್ಕೆ ಮಿಕ್ಕಿದ್ದೇ ಪಾಲು. ಹಾಗಾಗಿ ಗುಲಾಬಿ ಸಿರಪ್ಪಿಗೆ ನೇರವಾಗಿ ಸಬ್ಜಾ ಉದುರಿಸಿದರೆ ಅರ್ಧ ಗಂಟೆಯಾದರೂ ಮಂಜು ಸರಿಯಾಗಿ ಕಟ್ಟುವುದಿಲ್ಲ. ಹಾಲಿನಲ್ಲೂ ನೀರಿನಲ್ಲಿರುವ ಚುರುಕು ಇರುವುದಿಲ್ಲ, ಫ್ರಿಜ್ಜಿನ ತಣ್ಣನೆ ಹಾಲಾದರೆ ಇನ್ನೂ ನಿಧಾನ. ನಮ್ಮ ಅಜ್ಜಿ ಒಂದು ಬಟ್ಟಲು ಬರೀ ನೀರಿನಲ್ಲಿ ಕಾಮಕಸ್ತೂರಿ ನೆನೆಸಿ, ಆಮೇಲೆ ಒಂದೊಂದು ಚಮಚ ಪಾನಕಕ್ಕೆ ಬಿಡುತ್ತಿದ್ದರು. ಕಾರಣ ಕೇಳಿದ್ದರೆ ‘ಹಾಗೇ ಮಾಡೋದು’ ಎನ್ನುತ್ತಿದ್ದರೋ ಏನೋ, ಆದರೆ ಕ್ರಮ ಸರಿಯಾಗಿತ್ತು. 5 ಗ್ರಾಂ ಸಬ್ಜಾಕ್ಕೆ 150 ಮಿಲಿ ನೀರು, ಕಾಲು ಗಂಟೆ. ಅವಸರವಿದ್ದರೆ ಉಗುರುಬೆಚ್ಚಗಿನ ನೀರು. ಮಿಕ್ಕ ನೀರು ಸೋಸಿ, ಮಣಿಗಳನ್ನು ಸಿಹಿಗೆ ಸೇರಿಸಿ. ಒಮ್ಮೆ ಪೂರ್ತಿ ಉಬ್ಬಿದ ಮಣಿ ಶರಬತ್ತಿನಲ್ಲೂ ಫಲೂದಾದಲ್ಲೂ ಚೆನ್ನಾಗಿಯೇ ಇರುತ್ತದೆ. ಹಲ್ಲಿಗೆ ಸಿಕ್ಕಾಗ ಮೊದಲು ಲೋಳೆ ಜಾರಿ, ಆಮೇಲೆ ಒಳಗಿನ ಬೀಜ ‘ಟಕ್’ ಎನ್ನಬೇಕು. ಆ ಎರಡು ಹಂತದ ಅನುಭವಕ್ಕಾಗಿಯೇ ಸಬ್ಜಾ ಹಾಕುವುದು, ಮಂದಕ್ಕಲ್ಲ.

ಮಂದ ಬೇಕಿದ್ದು, ಒಲೆ ಹಚ್ಚುವ ಮನಸ್ಸಿಲ್ಲದಿದ್ದರೆ ಚಿಯಾ. ನಾದಿನಿಯ ಮಾವಿನ ಬಟ್ಟಲನ್ನು ಮತ್ತೆ ಮಾಡಿದೆವು. ನಾಲ್ಕು ಜನಕ್ಕೆ 400 ಮಿಲಿ ಕಾಯಿಸಿ ಆರಿಸಿದ ಹಾಲು, 50 ಗ್ರಾಂ ಚಿಯಾ, ಅಂದರೆ ಒಂದಕ್ಕೆ ಎಂಟು ಪಾಲು. ಹತ್ತು ಪಾಲಾದರೆ ಕುಡಿಯುವ ಹದ, ಆರು ಪಾಲಾದರೆ ಚಮಚದಲ್ಲಿ ಕತ್ತರಿಸುವಷ್ಟು ಗಟ್ಟಿ. ಸಕ್ಕರೆ ಹಾಕಲಿಲ್ಲ. ಮಾವಿನ ತಿರುಳಿನಲ್ಲೇ ಸಿಹಿ ಇದೆ, ಬೇಕಿದ್ದರೆ ಬಡಿಸುವಾಗ ಮೇಲೆ ಬೆಲ್ಲದ ಪಾಕ.

ಹಾಲಿಗೆ ಚಿಯಾ ಹಾಕಿ ಒಮ್ಮೆ ಕಲಕಿ ಮುಚ್ಚಿಟ್ಟು ಹೋದರೆ ಬೆಳಿಗ್ಗೆ ತಳದಲ್ಲಿ ಒಂದು ಗಟ್ಟಿ ಬಿಲ್ಲೆ ಸಿಗುತ್ತದೆ. ಅದರ ಒಳಗಿನ ಬೀಜ ಒಣಗಿಯೇ ಇರುತ್ತದೆ, ಏಕೆಂದರೆ ಹೊರಗಿನ ಬೀಜಗಳ ಲೋಳೆ ಒಂದಕ್ಕೊಂದು ಅಂಟಿಕೊಂಡು ನೀರು ಒಳಹೋಗುವ ದಾರಿಯನ್ನೇ ಮುಚ್ಚಿಬಿಟ್ಟಿರುತ್ತದೆ. ಅಂಟಿಕೊಳ್ಳುವುದು ಮೊದಲ ಹತ್ತು ನಿಮಿಷದಲ್ಲಿ. ಹಾಗಾಗಿ ಆ ಹತ್ತು ನಿಮಿಷ ಕಾವಲು ಕೂರಬೇಕು. ಹಾಕಿದ ಕೂಡಲೇ ಒಮ್ಮೆ, ಐದನೇ ನಿಮಿಷಕ್ಕೆ ಒಮ್ಮೆ, ಹತ್ತನೇ ನಿಮಿಷಕ್ಕೆ ಒಮ್ಮೆ ತಳ ಕೆರೆದು ಕಲಕಬೇಕು. ಆಮೇಲೆ ಬೀಜಗಳು ದೂರದೂರ ನಿಂತುಬಿಡುತ್ತವೆ, ಚಿಂತೆಯಿಲ್ಲ. ಎರಡು ಗಂಟೆಗೆ ತಿನ್ನಬಹುದು, ರಾತ್ರಿಯಿಟ್ಟರೆ ಹದ ಇನ್ನೂ ಒಂದೇ ಸಮವಾಗುತ್ತದೆ. ಬೆಳಿಗ್ಗೆ ತುಂಬ ಗಟ್ಟಿ ಎನಿಸಿದರೆ ಎರಡು ಚಮಚ ಹಾಲು ಬಿಟ್ಟು ಕಲಕಿದರೆ ಸಡಿಲವಾಗುತ್ತದೆ. ತೆಳ್ಳಗಾದದ್ದನ್ನು ಗಟ್ಟಿ ಮಾಡಲು ಇನ್ನಷ್ಟು ಬೀಜ ಹಾಕಿ ಮತ್ತೆ ಕಾಯಬೇಕು, ಆದ್ದರಿಂದ ಗಟ್ಟಿಯ ಕಡೆಗೆ ತಪ್ಪುವುದೇ ಮೇಲು.

ಚಿಯಾದ ಲೋಳೆಗೆ ಉಪ್ಪು, ಹುಳಿ ಅಷ್ಟಾಗಿ ಒಗ್ಗುವುದಿಲ್ಲ. ಅದರ ಸರಪಳಿಗಳ ಮೇಲೆ ಋಣ ವಿದ್ಯುದಂಶವಿದೆ. ಒಂದೇ ಬಗೆಯ ವಿದ್ಯುದಂಶಗಳು ಪರಸ್ಪರ ದೂಡುವುದರಿಂದ ಸರಪಳಿಗಳು ಚಾಚಿಕೊಂಡು ನಿಲ್ಲುತ್ತವೆ, ದ್ರವ ಮಂದವಾಗುತ್ತದೆ. ಉಪ್ಪೋ ನಿಂಬೆಹುಳಿಯೋ ಬಿದ್ದರೆ ಆ ದೂಡಾಟ ತಗ್ಗಿ ಸರಪಳಿ ಮುದುಡಿಕೊಳ್ಳುತ್ತದೆ. ಮೆಕ್ಸಿಕೊದಲ್ಲಿ ನಿಂಬೆರಸದ ಚಿಯಾ ಪಾನೀಯ ಕುಡಿಯುತ್ತಾರೆ; ಅದು ಪಾನೀಯವಾದ್ದರಿಂದ ಇದು ತೊಂದರೆಯಲ್ಲ. ಆದರೆ ಮಜ್ಜಿಗೆಗೆ ಉಪ್ಪು ಹಾಕಿ ಅದರಲ್ಲಿ ಚಿಯಾ ನೆನೆಸಿ ಗಟ್ಟಿಯಾಗಲೆಂದು ಕಾಯುವವರು ಮೊದಲು ನೀರಿನಲ್ಲಿ ನೆನೆಸಿ, ಉಪ್ಪು ಹುಳಿಯನ್ನು ಕೊನೆಗೆ ಹಾಕುವುದು ಒಳ್ಳೆಯದು.

ಬಾಯಿಗೆ ಬೀಜ ಸಿಗುವುದೇ ಬೇಡ ಎನ್ನುವವರು ಚಿಯಾವನ್ನು ಒಣಗಿದ್ದಾಗಲೇ ಮಿಕ್ಸಿಯಲ್ಲಿ ತಿರುವಿ ಹಾಕಬಹುದು. ಬೇಗ ಮಂದವಾಗುತ್ತದೆ, ನುಣ್ಣಗಿರುತ್ತದೆ, ಬಣ್ಣ ಮಾತ್ರ ಬೂದು. ಬೀಜದ ತೂಕದಲ್ಲಿ ಸುಮಾರು ಮೂರರಲ್ಲೊಂದು ಪಾಲು ಎಣ್ಣೆ. ಪುಡಿ ಮಾಡಿಟ್ಟರೆ ಆ ಎಣ್ಣೆಗೆ ಗಾಳಿ ತಾಗಿ ಕಮಟು ವಾಸನೆ ಬರುತ್ತದೆ, ಬೇಕಾದಷ್ಟನ್ನೇ ಆಗಾಗ ಪುಡಿ ಮಾಡಿಕೊಳ್ಳಬೇಕು. ಸಬ್ಜಾವನ್ನು ಹೀಗೆ ಮಾಡಲು ಹೋಗಬೇಡಿ. ಅದರ ಗಟ್ಟಿ ಸಿಪ್ಪೆ ಮರಳಿನಂತೆ ಹಲ್ಲಿಗೆ ಸಿಗುತ್ತದೆ, ಅದರ ಚೆಂದವಾದ ಮಣಿಯೂ ಹೋಗುತ್ತದೆ.

ಇಸಬ್‌ಗೋಲ್ ವಿಚಾರದಲ್ಲಿ ನನ್ನದು ಸ್ವಲ್ಪ ಖಾರದ ಅಭಿಪ್ರಾಯ. ಮೂರರಲ್ಲಿ ಮಂದ ಮಾಡುವ ಶಕ್ತಿ ಇದಕ್ಕೇ ಹೆಚ್ಚು, ನಿಜ. ಆದರೆ ಸಾರು, ಗೊಜ್ಜು, ಸೂಪು ಗಟ್ಟಿ ಮಾಡಲು ಇದನ್ನು ಹಾಕುವವರನ್ನು ಕಂಡರೆ ಕೈ ಹಿಡಿದು ತಡೆಯಬೇಕೆನಿಸುತ್ತದೆ. ಜೋಳದ ಹಿಟ್ಟು ಹಾಕಿದ ಸೂಪು ಚಮಚದಿಂದ ಕಡಿದು ಬೀಳುತ್ತದೆ. ಇಸಬ್‌ಗೋಲ್ ಹಾಕಿದ್ದು ನೂಲಿನಂತೆ ಎಳೆಯುತ್ತದೆ, ಗಂಟಲಲ್ಲಿ ಜಾರುತ್ತದೆ. ಬೆಂಡೆಕಾಯಿ ಸರಿಯಾಗಿ ಹುರಿಯದೆ ಹುಳಿ ಮಾಡಿದ ನೆನಪು ತರಿಸುತ್ತದೆ. ಇನ್ನೊಂದು ತೊಂದರೆ, ಬಿಸಿಯಾದದ್ದಕ್ಕೆ ಒಮ್ಮೆಲೇ ಸುರಿದರೆ ಹೊರಗೆ ಲೋಳೆ, ಒಳಗೆ ಒಣ ಹೊಟ್ಟು ಇರುವ ಗಂಟುಗಳು. ಒಮ್ಮೆ ಕಟ್ಟಿದ ಗಂಟು ಎಷ್ಟು ಕಡೆದರೂ ಬಿಡದು. ತಣ್ಣೀರನ್ನು ಸುಳಿಯಂತೆ ತಿರುಗಿಸುತ್ತಾ ಚಿಟಿಕೆ ಚಿಟಿಕೆಯಾಗಿ ಉದುರಿಸುವುದೊಂದೇ ದಾರಿ. ಇದನ್ನು ನೀರಿನಲ್ಲಿ ಮತ್ತೆ ಮತ್ತೆ ಕುದಿಸಿ ಆರಿಸಿದರೆ ರಬ್ಬರಿನ ಹಾಗೆ ಪುಟಿಯುವ ಮುದ್ದೆಯಾಗುತ್ತದೆ. ಮಕ್ಕಳಿಗೆ ಆಟಕ್ಕೆ ಕೊಡಬಹುದು, ಊಟಕ್ಕಲ್ಲ.

ಆದರೆ ಅದೇ ಎಳೆತ, ಅದೇ ಪುಟಿತ ಹಿಟ್ಟಿನಲ್ಲಿ ವರವಾಗುತ್ತದೆ. ಗೋಧಿಯಲ್ಲಿ ಗ್ಲುಟೆನ್ ಎಂಬ ಜಿಗಿ ಇರುವುದರಿಂದ ಚಪಾತಿ ಹರಿಯದೆ ಲಟ್ಟಿಸಲು ಬರುತ್ತದೆ. ರಾಗಿ, ಜೋಳ, ಸಜ್ಜೆಯಲ್ಲಿ ಅದಿಲ್ಲ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಕುದಿಯುವ ಎಸರಿಗೆ ಹಿಟ್ಟು ಹಾಕಿ ಪಿಷ್ಟವನ್ನೇ ಅಂಟು ಮಾಡಿಕೊಂಡು ಜೋಳದ ರೊಟ್ಟಿ ತಟ್ಟುತ್ತಾರೆ. ಆ ಕೈಗೆ ಇಸಬ್‌ಗೋಲ್ ಏನೂ ಬೇಕಿಲ್ಲ. ಆ ಕೈ ಇಲ್ಲದ ನನ್ನಂಥವರಿಗೆ, ಗೋಧಿ ಒಗ್ಗದವರ ಮನೆಗೆ, ರೊಟ್ಟಿಯನ್ನು ಸುರುಳಿ ಸುತ್ತಿ ಡಬ್ಬಿಗೆ ಹಾಕಬೇಕಾದವರಿಗೆ ಇದು ನೆರವಾಗುತ್ತದೆ. ಹಿಟ್ಟಿನ ತೂಕದ ನೂರಕ್ಕೆ ಐದರಷ್ಟು ಸಾಕು. 200 ಗ್ರಾಂ ರಾಗಿ ಹಿಟ್ಟಿಗೆ 10 ಗ್ರಾಂ ಹೊಟ್ಟು. ಅದನ್ನು 200 ಮಿಲಿ ಉಗುರುಬೆಚ್ಚಗಿನ ನೀರಿಗೆ ಉದುರಿಸಿ ಕಲಕಿ ಹತ್ತು ನಿಮಿಷ ಬಿಟ್ಟರೆ ಗಟ್ಟಿ ಲೋಳೆಯಾಗುತ್ತದೆ. ಉಪ್ಪು ಸೇರಿಸಿದ ಹಿಟ್ಟನ್ನು ಅದಕ್ಕೆ ಹಾಕಿ ಚೆನ್ನಾಗಿ ನಾದಿ, ಒಣ ಎನಿಸಿದರೆ ಮಾತ್ರ ಒಂದೆರಡು ಚಮಚ ನೀರು. ಮತ್ತೆ ಕಾಲು ಗಂಟೆ ಮುಚ್ಚಿಟ್ಟರೆ ಹಿಟ್ಟು ಬೆರಳಿಗೆ ಅಂಟದೆ ಉಂಡೆಯಾಗುತ್ತದೆ, ಲಟ್ಟಣಿಗೆಯಲ್ಲಿ ಅಂಚು ಒಡೆಯದೆ ಲಟ್ಟಿಸಬಹುದು. ‘ಇನ್ನೂ ಮೆತ್ತಗಾಗಲಿ’ ಎಂದು ಹೊಟ್ಟು ಎರಡು ಪಟ್ಟು ಹಾಕಿದರೆ ಎಷ್ಟು ಬೇಯಿಸಿದರೂ ಒಳಗೆ ಹಸಿಹಸಿ, ಜಗಿದರೆ ಹಲ್ಲಿಗೆ ಅಂಟು. ಬೆಂದಿಲ್ಲವೆಂದು ಇನ್ನಷ್ಟು ಹೊತ್ತು ಕಾಯಿಸಿ ಪ್ರಯೋಜನವಿಲ್ಲ, ನೀರು ಲೋಳೆಯ ಹಿಡಿತದಲ್ಲೇ ಇರುತ್ತದೆ.

ಇದೇ ಕಾರಣಕ್ಕೆ ಒಂದರ ಬದಲು ಇನ್ನೊಂದನ್ನು ಅದೇ ಅಳತೆಯಲ್ಲಿ ಹಾಕಲಾಗದು. ಚಿಯಾ 50 ಗ್ರಾಂ ಇರುವಲ್ಲಿ ಇಸಬ್‌ಗೋಲ್ 50 ಗ್ರಾಂ ಹಾಕಿದರೆ ಅದು ಎರಡು ಲೀಟರ್ ನೀರು ಕೇಳುತ್ತದೆ. ಸಬ್ಜಾ ಹಾಕಿದರೆ ಏನಾಯಿತೆಂದು ನೋಡಿಯಾಯಿತು. ಚಿಯಾದ ಜಾಗಕ್ಕೆ ಸಬ್ಜಾ ಬರಲೇಬೇಕೆಂದಿದ್ದರೆ ಹಾಲನ್ನು ಬೇರೆ ಏನಾದರೂ ಹಾಕಿ ಮಂದ ಮಾಡಿಕೊಳ್ಳಿ. ಸ್ವಲ್ಪ ಕಸ್ಟರ್ಡ್ ಪುಡಿಯೋ, ಮಾವಿನ ತಿರುಳೋ, ಕಟ್ಟು ಮೊಸರೋ. ಆಮೇಲೆ ನೀರಿನಲ್ಲಿ ಉಬ್ಬಿಸಿದ ಮಣಿಗಳನ್ನು ಅದರಲ್ಲಿ ಬೆರೆಸಿ. ಮಂದವಾದ ದ್ರವದಲ್ಲಿ ಮಣಿ ತಳಕ್ಕೆ ಇಳಿಯದು. ದಕ್ಷಿಣದ ಅಂಗಡಿಗಳಲ್ಲಿ ಇನ್ನೊಂದು ಗೊಂದಲವೂ ಇದೆ. ಕೇರಳದ ಕಡೆ ಸಬ್ಜಾವನ್ನು ‘ಕಸ್‌ಕಸ್’ ಎನ್ನುತ್ತಾರೆ, ನಮ್ಮ ಕಿವಿಗೆ ಅದು ಗಸಗಸೆ. ಗಸಗಸೆ ನೆನೆಸಿದರೆ ರಾತ್ರಿಯೆಲ್ಲ ಕಾದರೂ ಮಣಿ ಕಟ್ಟದು.

ಒಂದು ಎಚ್ಚರಿಕೆಯ ಮಾತು ಹೇಳದೆ ಬಿಡುವ ಹಾಗಿಲ್ಲ. ಲೋಟದಲ್ಲಿ ಆಗುವುದು ಗಂಟಲಿನಲ್ಲೂ ಆಗುತ್ತದೆ. 2014ರಲ್ಲಿ ಅಮೆರಿಕದ ಜಠರ-ಕರುಳು ತಜ್ಞರ ಸಮ್ಮೇಳನದಲ್ಲಿ ಒಂದು ಪ್ರಕರಣ ವರದಿಯಾಯಿತು. 39 ವರ್ಷದ ಒಬ್ಬರು ಒಂದು ಚಮಚ ಒಣ ಚಿಯಾ ಬಾಯಿಗೆ ಹಾಕಿಕೊಂಡು ಮೇಲೆ ಒಂದು ಲೋಟ ನೀರು ಕುಡಿದರು. ಬೀಜ ಅನ್ನನಾಳದಲ್ಲೇ ಉಬ್ಬಿ ಮುದ್ದೆಯಾಗಿ ದಾರಿ ಕಟ್ಟಿತು, ವೈದ್ಯರು ಕೊಳವೆ ಇಳಿಸಿ ಬಿಡಿಸಬೇಕಾಯಿತು. ಇಸಬ್‌ಗೋಲ್ ಇನ್ನೂ ಬೇಗ ಉಬ್ಬುವುದರಿಂದ ಅಪಾಯ ಹೆಚ್ಚು. ನುಂಗಲು ಕಷ್ಟಪಡುವ ಹಿರಿಯರು ಇವನ್ನು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಚಿಕ್ಕ ಮಕ್ಕಳಿಗೆ ಕೊಡುವಾಗ ಪೂರ್ತಿ ಉಬ್ಬಿದ ಮೇಲೆ, ಕಣ್ಣೆದುರೇ ತಿನ್ನಿಸಿ. ಮಾತ್ರೆ ನುಂಗುವವರು ಇಸಬ್‌ಗೋಲ್‌ಗೂ ಮಾತ್ರೆಗೂ ಒಂದೆರಡು ಗಂಟೆ ಅಂತರವಿಡಬೇಕು, ಇಲ್ಲದಿದ್ದರೆ ಮಾತ್ರೆಯೂ ಲೋಳೆಯೊಳಗೆ ಸಿಕ್ಕಿಕೊಳ್ಳುತ್ತದೆ.

ನಾದಿನಿಯ ಎರಡನೇ ಬಟ್ಟಲನ್ನು ಚೆಲ್ಲಲಿಲ್ಲ. ಆ ಹಾಲಿಗೆ ಒಂದು ಚಮಚ ಗುಲಾಬಿ ಸಿರಪ್, ಬೇಯಿಸಿದ ಶಾವಿಗೆ, ಐಸ್ ಹಾಕಿ ಉದ್ದ ಲೋಟದಲ್ಲಿ ಕೊಟ್ಟೆವು. ಕಪ್ಪೆ ಮೊಟ್ಟೆ ಎಂದವನು ಎರಡು ಲೋಟ ಕುಡಿದ. ನೀವೂ ಅಂಗಡಿಯಲ್ಲಿ ‘ಇದೂ ಅದೇ’ ಎಂದು ಕೊಟ್ಟರೆ ಪೊಟ್ಟಣ ಒಡೆದು ಒಂದು ಚಿಟಿಕೆಯನ್ನು ಅರ್ಧ ಲೋಟ ನೀರಿಗೆ ಹಾಕಿ ನೋಡಿ. ಒಂದು ನಿಮಿಷದಲ್ಲಿ ಬೂದು ಮಂಜು ಕಟ್ಟಿಕೊಂಡರೆ ಅದು ಕಾಮಕಸ್ತೂರಿ.